ಹೋಟೆಲಿನ ‘ಖಾಲಿ’, ‘ಡಿಪ್’, ‘ಬೈಟು’ ಕೂಗು ಗುಪ್ತ ಸಂಕೇತವೇ? ನಿಮ್ಮ ಆರ್ಡರ್ ಅಡುಗೆಮನೆ ಮುಟ್ಟುವ ದಾರಿ ಹೀಗಿದೆ

ವಾಟ್ಸಾಪ್ ಗುಂಪುಗಳಲ್ಲಿ ಸುತ್ತುವ ಒಂದು ಬಗೆಯ ಸಂದೇಶ ನಿಮಗೂ ಬಂದಿರಬಹುದು. ಹೋಟೆಲಿನಲ್ಲಿ ಸಪ್ಲೈಯರ್ ಏನೋ ಅರ್ಥವಾಗದ ಮಾತು ಕೂಗಿದರೆ ಹುಷಾರಾಗಿರಿ, ಅದು ‘ಉಳಿದದ್ದನ್ನು ಇವರಿಗೆ ಕೊಡು’ ಎಂದು ಭಟ್ಟರಿಗೆ ಹೇಳುವ ಗುಪ್ತ ಸಂಕೇತ, ಕೂಡಲೇ ಎಲ್ಲರಿಗೂ ಹಂಚಿ ಎನ್ನುವ ಧಾಟಿಯದು. ನಮಗೂ ಇದನ್ನು ಕಳಿಸಿ ‘ನಿಜವಾ?’ ಎಂದು ಕೇಳುವವರಿದ್ದಾರೆ.

ಚಿಕ್ಕ ಉತ್ತರ: ಅಲ್ಲ. ಆ ಕೂಗುಗಳಲ್ಲಿ ಹೆಚ್ಚಿನವಕ್ಕೆ ತೀರಾ ಸರಳ ಅರ್ಥವಿದೆ. ‘ಡಿಪ್’ ಎಂದರೆ ಇಡ್ಲಿ ಅಥವಾ ವಡೆಯನ್ನು ಸಾಂಬಾರಿನಲ್ಲಿ ಮುಳುಗಿಸಿ ಕೊಡಬೇಕು. ‘ಬೈಟು’ ಎಂದರೆ ಒಂದು ಕಾಫಿಯನ್ನು ಎರಡು ಲೋಟಕ್ಕೆ ಹಂಚಬೇಕು. ‘ಖಾಲಿ’ ಎಂದರೆ ಒಳಗೆ ಪಲ್ಯ ಇಡದ ದೋಸೆ. ‘ವಿತೌಟ್’ ಎಂದರೆ ಸಕ್ಕರೆ ಹಾಕದ ಕಾಫಿ. ಪಕ್ಕದ ಟೇಬಲಿನಲ್ಲಿ ಕೂತು ಹತ್ತು ನಿಮಿಷ ಕಿವಿಗೊಟ್ಟರೆ ಯಾರು ಬೇಕಾದರೂ ಕಲಿಯಬಹುದು. ಇಡೀ ಹಾಲ್‌ಗೆ ಕೇಳುವಂತೆ ಕೂಗುವುದನ್ನು ಗುಟ್ಟು ಎನ್ನುವುದು ಹೇಗೆ?

ಆದರೆ ಈ ಕೂಗಿನ ಬಗ್ಗೆ ತಿಳಿದುಕೊಳ್ಳಬೇಕಾದ ಸಂಗತಿ ಬೇರೆಯೇ ಇದೆ. ಅದು ಗಿರಾಕಿಗೆ ಅರ್ಥವಾಗದಿದ್ದರೆ ತೊಂದರೆಯಿಲ್ಲ. ಒಳಗೆ ಕಲ್ಲಿನ ಮುಂದೆ ನಿಂತವರಿಗೆ ಅರ್ಥವಾಗದಿದ್ದರೆ ತೊಂದರೆ. ಇವತ್ತು ಬೆಂಗಳೂರಿನ ಒಂದು ಮಧ್ಯಮ ಗಾತ್ರದ ಹೋಟೆಲಿನಲ್ಲಿ ಕುಂದಾಪುರದ ಸಪ್ಲೈಯರ್, ಒಡಿಶಾದ ದೋಸೆ ಮಾಸ್ಟರ್, ಹಾಸನದ ಕಾಫಿ ಭಟ್ಟರು, ನೇಪಾಳದ ಸಹಾಯಕ, ಬಂಗಾಳಿ ಮಾತಾಡುವ ತರಕಾರಿ ಹೆಚ್ಚುವವರು ಒಟ್ಟಿಗೆ ಕೆಲಸ ಮಾಡುವುದು ತೀರಾ ಸಾಮಾನ್ಯ. ಒಂದೇ ಊರಿನವರು ಸೇರಿ ನಡೆಸುತ್ತಿದ್ದಾಗ ಬೆಳೆದ ಮಾತು ಈ ತಂಡದಲ್ಲಿ ಎಲ್ಲಿ ಜಾರುತ್ತದೆ, ಜಾರದಂತೆ ಹೇಗೆ ಕಟ್ಟಬಹುದು ಎಂದು ನೋಡೋಣ.

ಕೂಗು ಏಕೆ ಇಷ್ಟು ಚಿಕ್ಕದು

ದೋಸೆ ಕಲ್ಲಿನ ಮುಂದೆ ನಿಂತವರ ಕಣ್ಣು ಕಲ್ಲಿನ ಮೇಲಿರುತ್ತದೆ, ಕೈಯಲ್ಲಿ ಹಿಟ್ಟಿನ ಸೌಟು ಇರುತ್ತದೆ. ದೊಡ್ಡ ಕಲ್ಲಾದರೆ ಒಂದು ಸುತ್ತಿಗೆ ಆರೆಂಟು ದೋಸೆ ಬೀಳುತ್ತವೆ. ಆ ಸುತ್ತು ಹುಯ್ಯುವ ಮೊದಲು ಅವರಿಗೆ ಬೇಕಾದದ್ದು ನಾಲ್ಕೇ ವಿಷಯ: ಏನು, ಎಷ್ಟು, ಯಾವುದಕ್ಕೆ ಏನು ಬದಲಾವಣೆ, ಎಲ್ಲಿಗೆ. ‘ಆ ಕಿಟಕಿ ಪಕ್ಕದ ಮೇಡಂ ಹೇಳ್ತಿದಾರೆ, ಸ್ವಲ್ಪ ಗರಿಗರಿ ಇರ್ಲಿ ಅಂತ’ ಎನ್ನುವುದರಲ್ಲಿ ಅವರಿಗೆ ಬೇಕಾದ್ದು ‘ಗರಿಗರಿ’ ಒಂದೇ. ಉಳಿದದ್ದು ತಲೆಯಲ್ಲಿ ಜಾಗ ತಿನ್ನುತ್ತದೆ. ಹಾಗಾಗಿ ಕೂಗು ಸವೆದು ಸವೆದು ‘ಮಸಾಲೆ ಎರಡು, ಒಂದು ಗರಿ’ ಎಂಬಲ್ಲಿಗೆ ಬಂದು ನಿಂತಿದೆ.

ಇದರ ಜೊತೆಗೆ ಸದ್ದು. ಹೊಗೆ ಎಳೆಯುವ ಫ್ಯಾನ್, ಗ್ಯಾಸ್ ಬರ್ನರ್, ಗ್ರೈಂಡರ್, ಪಾತ್ರೆ ತೊಳೆಯುವ ಸದ್ದು ಎಲ್ಲವೂ ಒಟ್ಟಿಗೆ ಇರುತ್ತವೆ. ಮಾತಿನಲ್ಲಿ ಸ್ವರಗಳಿಗೆ ಶಕ್ತಿ ಹೆಚ್ಚು, ವ್ಯಂಜನಗಳಿಗೆ ಕಡಿಮೆ. ಗದ್ದಲದಲ್ಲಿ ಮೊದಲು ಮುಚ್ಚಿಹೋಗುವುದು ವ್ಯಂಜನಗಳು. ಹಿಂದಿಯ ‘ಸಾತ್’ ಮತ್ತು ‘ಆಠ್’ ಆಗ ಒಂದೇ ಥರ ಕೇಳುತ್ತವೆ. ನಮ್ಮ ತಾಯಿಭಾಷೆಯಾದರೆ ಮುಚ್ಚಿಹೋದ ಚೂರನ್ನು ಮೆದುಳು ಊಹಿಸಿ ತುಂಬಿಕೊಳ್ಳುತ್ತದೆ. ಕಲಿತ ಭಾಷೆಯಲ್ಲಿ ಆ ಊಹೆ ಅಷ್ಟು ಚುರುಕಾಗಿ ಕೆಲಸ ಮಾಡುವುದಿಲ್ಲ. ಎರಡನೇ ಭಾಷೆಯನ್ನು ಗದ್ದಲದಲ್ಲಿ ಕೇಳುವವರು ಹೆಚ್ಚು ತಪ್ಪುತ್ತಾರೆ ಎಂಬುದು ಶ್ರವಣ ವಿಜ್ಞಾನದಲ್ಲಿ ಮತ್ತೆ ಮತ್ತೆ ಕಂಡ ಸಂಗತಿ. ಅಂದರೆ ಸಂಜೆ ಮೂರಕ್ಕೆ ಖಾಲಿ ಹಾಲ್‌ನಲ್ಲಿ ಕನ್ನಡ ಚೆನ್ನಾಗಿಯೇ ತಿಳಿಯುವ ದೋಸೆ ಮಾಸ್ಟರ್‌ಗೆ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಅದೇ ಕನ್ನಡ ಅರ್ಧ ಕೇಳದೇ ಹೋಗಬಹುದು. ‘ಇವನಿಗೆ ಎಷ್ಟು ಹೇಳಿದ್ರೂ ಗೊತ್ತಾಗಲ್ಲ’ ಎಂಬ ಬೈಗುಳದ ಹಿಂದೆ ಹಲವು ಸಲ ಇರುವುದು ಇಷ್ಟೇ.

ಟೋಕನ್ ಬಂದ ಮೇಲೆ ಈ ಸಮಸ್ಯೆ ಮುಗಿಯಲಿಲ್ಲವೇ ಎಂದು ಕೇಳಬಹುದು. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಶುರುವಾಗಿ, ಆಮೇಲೆ ಊರೆಲ್ಲ ದರ್ಶಿನಿಗಳಾದಾಗ, ಸಪ್ಲೈಯರ್ ಮಾಡುತ್ತಿದ್ದ ಕೆಲಸದ ಒಂದು ಭಾಗ ಕ್ಯಾಶ್ ಕೌಂಟರಿನ ಚೀಟಿಗೆ ಹೋಯಿತು ನಿಜ. ಆದರೆ ಚೀಟಿಯಲ್ಲಿ ‘ಮಸಾಲೆ ದೋಸೆ 1’ ಎಂದಿರುತ್ತದೆ. ‘ಎಣ್ಣೆ ಕಮ್ಮಿ ಹಾಕಿ’ ಎಂಬುದನ್ನು ನೀವು ಕೌಂಟರಿನ ಮುಂದೆ ನಿಂತು ಬಾಯಲ್ಲೇ ಹೇಳುತ್ತೀರಿ. ತಪ್ಪುವುದು ಹೆಚ್ಚಾಗಿ ಆ ಬಾಯಿಮಾತೇ.

ಒಂದೇ ಪದ, ಎರಡು ಕಿವಿ

ಮಿಶ್ರ ತಂಡದಲ್ಲಿ ಗೊತ್ತಿಲ್ಲದ ಪದದಿಂದ ಅಷ್ಟು ಅಪಾಯವಿಲ್ಲ. ಗೊತ್ತಿಲ್ಲದಿದ್ದರೆ ‘ಏನು?’ ಎಂದು ತಿರುಗಿ ಕೇಳುತ್ತಾರೆ. ಅಪಾಯ ಇರುವುದು ಇಬ್ಬರಿಗೂ ಗೊತ್ತಿರುವ, ಆದರೆ ಇಬ್ಬರಿಗೂ ಬೇರೆ ಬೇರೆ ಅರ್ಥ ಕೊಡುವ ಪದದಲ್ಲಿ. ಅಲ್ಲಿ ಯಾರೂ ತಿರುಗಿ ಕೇಳುವುದಿಲ್ಲ.

‘ಖಾರ’ ತೆಗೆದುಕೊಳ್ಳಿ. ಕನ್ನಡ, ತಮಿಳು, ತೆಲುಗಿನವರಿಗೆ ಅದು ಮೆಣಸಿನಕಾಯಿಯ ಉರಿ. ಹಿಂದಿಯಲ್ಲಿ ‘ಖಾರಾ’ ಎಂದರೆ ಉಪ್ಪುಪ್ಪಾದದ್ದು. ಸಮುದ್ರದ ನೀರು ಅವರಿಗೆ ‘ಖಾರಾ ಪಾನಿ’. ಉರಿಗೆ ಅವರು ‘ತೀಖಾ’ ಎನ್ನುತ್ತಾರೆ, ಬಂಗಾಳಿಗಳು ‘ಝಾಲ್’, ನೇಪಾಳಿಗಳು ‘ಪಿರೊ’. ‘ಖಾರ ಕಮ್ಮಿ’ ಎಂದು ಕೇಳಿದ ಹೊಸ ಹುಡುಗ ಉಪ್ಪು ಕಡಿಮೆ ಮಾಡಿ, ಕೆಂಪು ಚಟ್ನಿಯನ್ನು ಎಂದಿನಂತೆ ಬಳಿದು ಕಳಿಸಿದರೆ ಅವನು ಹೇಳಿದ ಮಾತು ಕೇಳಲಿಲ್ಲ ಎಂದೇನಲ್ಲ. ಅವನ ಭಾಷೆಯಲ್ಲಿ ಸರಿಯಾಗಿಯೇ ಕೇಳಿದ್ದಾನೆ.

‘ಖಾಲಿ’ ಇನ್ನೂ ಸೊಗಸಾದ ಗೊಂದಲ. ‘ಖಾಲಿ ದೋಸೆ’ ತಿಂಡಿಯ ಹೆಸರು. ‘ದೋಸೆ ಖಾಲಿ’ ಎಂದರೆ ಹಿಟ್ಟು ಮುಗಿದಿದೆ. ಕನ್ನಡದವರಿಗೆ ಪದದ ಸ್ಥಾನ ನೋಡಿದರೆ ಸಾಕು, ವ್ಯತ್ಯಾಸ ಗೊತ್ತಾಗುತ್ತದೆ. ಮುಂಬೈ, ಹೈದರಾಬಾದ್ ಕಡೆಯ ಹಿಂದಿಯಲ್ಲಿ ‘ಖಾಲಿ’ಗೆ ‘ಬರೀ’ ಎಂಬ ಅರ್ಥವೂ ಉಂಟು. ಅಲ್ಲಿಂದ ಬಂದವರಿಗೆ ‘ಖಾಲಿ ಚಟ್ನಿ’ ಎಂದರೆ ಚಟ್ನಿ ಮಾತ್ರ ಸಾಕು, ಸಾಂಬಾರ್ ಬೇಡ. ಮುಗಿದಿದೆ ಎಂದು ತಿಳಿಸಲು ಹೋಗಿ ಒಂದು ಬಟ್ಟಲು ಚಟ್ನಿ ಕೇಳಿದಂತಾಗುತ್ತದೆ.

ಕನ್ನಡದವರ ನಡುವೆಯೂ ಜಾರುವ ಒಂದು ಪದವಿದೆ, ‘ಆಯ್ತು’. ಒಳಗಿನಿಂದ ‘ಇಡ್ಲಿ ಆಯ್ತು’ ಎಂದು ಕೂಗು ಬಂದರೆ ಇಡ್ಲಿ ಬೆಂದು ತಯಾರಾಯಿತೋ, ಮುಗಿದುಹೋಯಿತೋ? ಸಪ್ಲೈಯರ್ ಆರ್ಡರ್ ಹೇಳಿದ್ದಕ್ಕೆ ಬರೀ ‘ಆಯ್ತು’ ಎಂದರೆ ಮಾಡುತ್ತೇನೆ ಎಂದೋ, ಮಾಡಿ ಮುಗಿಸಿದ್ದೇನೆ ಎಂದೋ? ಧ್ವನಿಯ ಏರಿಳಿತದಿಂದ ನಾವು ತಿಳಿದುಕೊಳ್ಳುತ್ತೇವೆ. ಬೇರೆ ಭಾಷೆಯವರಿಗೆ ಆ ಏರಿಳಿತ ಸಿಗುವುದಿಲ್ಲ. ಈ ಎರಡು ಪದಗಳನ್ನು ಕೂಗಿನಿಂದ ತೆಗೆದು, ತಯಾರಾದದ್ದಕ್ಕೆ ‘ರೆಡಿ’, ಮುಗಿದದ್ದಕ್ಕೆ ‘ಸ್ಟಾಪ್’ ಎಂದು ಗೊತ್ತುಮಾಡಿಕೊಂಡರೆ ಅರ್ಧ ಗಲಾಟೆ ನಿಲ್ಲುತ್ತದೆ. ‘ಖಾಲಿ’ ಆಗ ದೋಸೆಯ ಹೆಸರಾಗಿ ಮಾತ್ರ ಉಳಿಯುತ್ತದೆ.

ಹೋಟೆಲ್ ಮ್ಯಾನೇಜ್‌ಮೆಂಟ್ ಓದಿ ಬಂದವರು ಮುಗಿದದ್ದಕ್ಕೆ ಇಂಗ್ಲಿಷಿನಲ್ಲಿ ‘ಎಯ್ಟಿ ಸಿಕ್ಸ್’ ಎನ್ನುವುದನ್ನು ಕೇಳಿರಬಹುದು. ಇದು 1930ರ ದಶಕದ ಅಮೆರಿಕದ ಸೋಡಾ ಅಂಗಡಿಗಳ ಮಾತು. ನ್ಯೂಯಾರ್ಕಿನ 86ನೇ ನಂಬರಿನ ಬಾರ್‌ನಿಂದ ಬಂತು ಎಂಬುದೂ ಸೇರಿದಂತೆ ಇದರ ಹುಟ್ಟಿನ ಬಗ್ಗೆ ಹತ್ತಾರು ಕಥೆಗಳಿವೆ, ಯಾವುದಕ್ಕೂ ಗಟ್ಟಿ ಪುರಾವೆಯಿಲ್ಲ. ಅದನ್ನೂ ಫಾರ್ವರ್ಡ್ ಮಾಡಬೇಡಿ. ಸಂಖ್ಯೆಗಳೇ ತುಂಬಿದ ನಮ್ಮ ಕೂಗಿನೊಳಗೆ ಇನ್ನೊಂದು ಸಂಖ್ಯೆ ತುರುಕುವುದು ಜಾಣತನವಲ್ಲ ಎಂಬುದು ನಮ್ಮ ಅಭಿಪ್ರಾಯ.

ಒಂದು ಆರ್ಡರ್, ಎರಡು ಬಗೆಯಲ್ಲಿ

ಒಂದು ಉದಾಹರಣೆ ಇಟ್ಟುಕೊಳ್ಳೋಣ. ನಾಲ್ಕನೇ ಟೇಬಲಿನಲ್ಲಿ ಮೂವರು ಕೂತಿದ್ದಾರೆ. ಇಬ್ಬರಿಗೆ ಮಸಾಲೆ ದೋಸೆ, ಅದರಲ್ಲಿ ಒಬ್ಬರಿಗೆ ಎಣ್ಣೆ ಕಡಿಮೆ ಇರಬೇಕು. ಮೂರನೆಯವರಿಗೆ ರವೆ ದೋಸೆ, ಈರುಳ್ಳಿ ಹಾಕಬಾರದು. ಸಪ್ಲೈಯರ್ ಒಳಗೆ ತಲೆ ಹಾಕಿ ಒಂದೇ ಉಸಿರಿನಲ್ಲಿ ಕೂಗುತ್ತಾನೆ: ‘ನಾಲ್ಕಕ್ಕೆ ಎರಡ್ ಮಸಾಲೆ ಒಂದ್ ಎಣ್ಣೆ ಕಮ್ಮಿ ಒಂದ್ ರವೆ ಈರುಳ್ಳಿ ಬೇಡ!’

ಒಳಗಿನವರು ‘ಹ್ಞಾಂ’ ಎನ್ನುತ್ತಾರೆ. ಇಷ್ಟರಲ್ಲಿ ಮೂರು ಕಡೆ ತಪ್ಪಬಹುದು.

ಮೊದಲನೆಯದು ‘ನಾಲ್ಕಕ್ಕೆ’. ಅದು ಟೇಬಲಿನ ನಂಬರು. ಆದರೆ ‘ಕ್ಕೆ’ ಗದ್ದಲದಲ್ಲಿ ಮುಚ್ಚಿಹೋದರೆ ಉಳಿಯುವುದು ‘ನಾಲ್ಕು... ಮಸಾಲೆ’. ಕಲ್ಲಿನ ಮೇಲೆ ನಾಲ್ಕು ದೋಸೆ ಬೀಳುತ್ತವೆ. ಟೇಬಲಿಗೂ ಸಂಖ್ಯೆ, ತಿಂಡಿಗೂ ಸಂಖ್ಯೆ ಇರುವ ಕಡೆಯೆಲ್ಲ ಈ ಗಂಡಾಂತರ ಇದ್ದದ್ದೇ.

ಎರಡನೆಯದು ‘ಎರಡ್ ಮಸಾಲೆ ಒಂದ್ ಎಣ್ಣೆ ಕಮ್ಮಿ’. ಒಟ್ಟು ಎರಡು, ಅದರಲ್ಲಿ ಒಂದಕ್ಕೆ ಎಣ್ಣೆ ಕಮ್ಮಿಯೋ? ಅಥವಾ ಎರಡು ಸಾಮಾನ್ಯ, ಅದರ ಮೇಲೆ ಇನ್ನೊಂದು ಎಣ್ಣೆ ಕಮ್ಮಿಯದೋ? ಕೂಗಿದವನಿಗೆ ಸಂಶಯವೇ ಬರುವುದಿಲ್ಲ, ಅವನು ಆ ಮೂವರ ಮುಖ ನೋಡಿ ಬಂದಿದ್ದಾನೆ. ಒಳಗಿನವರು ನೋಡಿಲ್ಲ.

ಮೂರನೆಯದು ಎಲ್ಲಕ್ಕಿಂತ ಕೆಟ್ಟದ್ದು. ಕನ್ನಡದಲ್ಲಿ ಬೇಡ ಎಂಬುದು ಕೊನೆಗೆ ಬರುತ್ತದೆ. ‘ಈರುಳ್ಳಿ’ ದೊಡ್ಡದಾಗಿ ಕೇಳುತ್ತದೆ, ಅಷ್ಟರಲ್ಲಿ ಉಸಿರು ಮುಗಿದು ಸಪ್ಲೈಯರ್ ತಿರುಗಿರುತ್ತಾನೆ, ‘ಬೇಡ’ ಫ್ಯಾನಿನ ಸದ್ದಿಗೆ ಹೋಗುತ್ತದೆ. ಈರುಳ್ಳಿ ಬೇಡ ಎಂದವರಿಗೆ ಒಂದು ಹಿಡಿ ಜಾಸ್ತಿಯೇ ಉದುರಿಸಿದ ದೋಸೆ ಬರುವುದು ಹೀಗೆ. ‘ಬೇಡ’ ಪೂರ್ತಿ ಕೇಳಿದರೂ ಒಡಿಯಾ ಕಿವಿಗೆ ಅದು ‘ಬರಾ’ದ ಹತ್ತಿರ ಕೇಳಿಸಬಹುದು. ಬರಾ ಎಂದರೆ ಅವರ ವಡೆ.

ಇದೇ ಆರ್ಡರನ್ನು ಇನ್ನೊಂದು ಬಗೆಯಲ್ಲಿ ಹೇಳೋಣ: ‘ಟೇಬಲ್ ಹದಿನಾಲ್ಕು. ಮಸಾಲೆ ಒಂದು. ಮಸಾಲೆ ಒಂದು, ಕಮ್ಮಿ ಎಣ್ಣೆ. ರವೆ ಒಂದು, ನೋ ಈರುಳ್ಳಿ. ಒಟ್ಟು ಮೂರು.’

ಬದಲಾದದ್ದು ಇಷ್ಟು. ಟೇಬಲುಗಳಿಗೆ ಹನ್ನೊಂದರಿಂದ ನಂಬರ್ ಕೊಟ್ಟಿದ್ದೇವೆ. ಒಂದೇ ಟೇಬಲಿನವರು ಹನ್ನೊಂದಕ್ಕಿಂತ ಹೆಚ್ಚು ಮಸಾಲೆ ದೋಸೆ ಹೇಳುವುದು ಅಪರೂಪವಾದ್ದರಿಂದ ಟೇಬಲಿನ ಸಂಖ್ಯೆಯೂ ತಿಂಡಿಯ ಸಂಖ್ಯೆಯೂ ಡಿಕ್ಕಿ ಹೊಡೆಯುವುದಿಲ್ಲ. ತಿಂಡಿಯ ಹೆಸರು ಮೊದಲು ಬರುತ್ತದೆ, ಏಕೆಂದರೆ ಯಾವ ಹಿಟ್ಟಿನ ಪಾತ್ರೆಗೆ ಸೌಟು ಹಾಕಬೇಕು ಎಂಬುದು ಕೈಗೆ ಮೊದಲು ಬೇಕು. ಬದಲಾವಣೆ ಇರುವ ದೋಸೆಯನ್ನು ಬದಲಾವಣೆ ಇಲ್ಲದ್ದರ ಜೊತೆ ಸೇರಿಸಿ ಎಣಿಸಿಲ್ಲ. ಬೇಡ ಎನ್ನುವುದು ಪದಾರ್ಥದ ಹಿಂದಿನಿಂದ ಮುಂದಕ್ಕೆ ಬಂದಿದೆ, ಎಲ್ಲ ಭಾಷೆಯವರಿಗೂ ಗೊತ್ತಿರುವ ‘ನೋ’ ಆಗಿ. ಕೊನೆಗೆ ಒಟ್ಟು. ಒಳಗಿನವರು ಎಣಿಸಿದ್ದು ಎರಡೋ ನಾಲ್ಕೋ ಆಗಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ.

‘ನೋ ಈರುಳ್ಳಿ’ ಶುದ್ಧ ಕನ್ನಡವಲ್ಲ ಎಂದು ಬೇಸರಪಡುವವರು ಇದ್ದಾರೆ. ಕನ್ನಡ ಬರದವನಿಗೆ ಕನ್ನಡ ಕಲಿಸುವುದು ಒಳ್ಳೆಯದೇ, ನಾವೂ ಅದರ ಪರ. ಆದರೆ ಬೆಳಿಗ್ಗೆ ಒಂಬತ್ತರ ನೂಕುನುಗ್ಗಲು ಪಾಠದ ಹೊತ್ತಲ್ಲ. ಅಷ್ಟಕ್ಕೂ ‘ಬೈಟು’, ‘ಡಿಪ್’, ‘ಪಾರ್ಸೆಲ್’ ಎಲ್ಲ ಎಲ್ಲಿಂದ ಬಂದವು?

ಪ್ರಿಂಟರಿನಿಂದ ಕೆಒಟಿ ಚೀಟಿ ಬರುವ ಕಡೆ ಇದೇ ಆರ್ಡರ್ ಹೀಗೆ ಕಾಣಬೇಕು:

```
T14
MASALA 1
MASALA 1  LESS OIL
RAVA   1  NO ONION
TOTAL  3
```

ಹೇಳಿದ್ದನ್ನು ತಿರುಗಿ ಹೇಳುವುದು

ಇಷ್ಟೆಲ್ಲ ಮಾಡಿಯೂ ಒಳಗಿನಿಂದ ಬರುವ ಉತ್ತರ ‘ಹ್ಞಾಂ’ ಆಗಿದ್ದರೆ ಕೆಲಸ ಅರ್ಧವೇ ಆದಂತೆ. ‘ಹ್ಞಾಂ’, ‘ಸರಿ’, ‘ಓಕೆ’ ಇವೆಲ್ಲ ಸದ್ದು ಕಿವಿಗೆ ಬಿತ್ತು ಎಂದಷ್ಟೇ ಹೇಳುತ್ತವೆ. ಏನು ಬಿತ್ತು ಎಂದು ಹೇಳುವುದಿಲ್ಲ. ಅಡುಗೆಯವರು ಬದಲಾವಣೆಯನ್ನೂ ಒಟ್ಟನ್ನೂ ತಮ್ಮ ಬಾಯಲ್ಲಿ ತಿರುಗಿ ಹೇಳಬೇಕು: ‘ಒಂದು ಕಮ್ಮಿ ಎಣ್ಣೆ, ನೋ ಈರುಳ್ಳಿ, ಮೂರು.’ ಸಪ್ಲೈಯರ್ ಅದನ್ನು ಕೇಳುವ ತನಕ ಅಲ್ಲಿಂದ ಕದಲಬಾರದು. ಎರಡು ಮೂರು ಸೆಕೆಂಡಿನ ಮಾತು. ತಪ್ಪಾದ ರವೆ ದೋಸೆಯನ್ನು ಮತ್ತೆ ಹುಯ್ಯಲು ಹಲವು ನಿಮಿಷ ಬೇಕು, ಅದು ಮಸಾಲೆ ದೋಸೆಗಿಂತಲೂ ನಿಧಾನವಾಗಿ ಬೇಯುವಂಥದ್ದು.

ವಿಮಾನದ ಪೈಲಟ್‌ಗಳು ನಿಯಂತ್ರಣ ಕೊಠಡಿಯ ಸೂಚನೆಯನ್ನು ತಿರುಗಿ ಓದಿ ಹೇಳುವುದು ಇದೇ ಕಾರಣಕ್ಕೆ. ಅವರು ಇಂಗ್ಲಿಷಿನ ‘ನೈನ್’ ಅನ್ನು ‘ನೈನರ್’ ಎಂದು ಉದ್ದ ಮಾಡಿಕೊಂಡಿದ್ದಾರೆ, ‘ಫೈವ್’ ಜೊತೆ ಕಲೆಯಬಾರದು ಎಂದು. ನಮ್ಮ ಸಂಖ್ಯೆಗಳ ಗೊಂದಲಕ್ಕೂ ಇಂಥದ್ದೇ ಮದ್ದು ಸಾಧ್ಯ. ಇಡೀ ತಂಡ ಎಣಿಕೆಗೆ ಒಂದೇ ಭಾಷೆ ಹಿಡಿಯುವುದು ಮೊದಲ ಕೆಲಸ. ಎರಡು ಭಾಷೆ ಬೆರೆಸಿದರೆ ಹಿಂದಿಯ ‘ತೀನ್’ ಮತ್ತು ಇಂಗ್ಲಿಷಿನ ‘ಟೆನ್’ ಡಿಕ್ಕಿಯಾಗಿ ಮೂರರ ಬದಲು ಹತ್ತು ಬೇಯುತ್ತವೆ. ಜೊತೆಗೆ ಬೆರಳು ಎತ್ತಿ ತೋರಿಸಿದರೆ ಕಿವಿಗೆ ಕಣ್ಣಿನ ಸಾಕ್ಷಿಯೂ ಸಿಗುತ್ತದೆ.

ತಿಂಡಿಯ ಹೆಸರನ್ನು ಕತ್ತರಿಸುವಾಗಲೂ ಇದೇ ಎಚ್ಚರ ಬೇಕು. ಎಷ್ಟೋ ಹೋಟೆಲುಗಳ ಚೀಟಿಯಲ್ಲಿ ಇಂಗ್ಲಿಷಿನ ಎರಡಕ್ಷರ ಬರೆಯುವ ರೂಢಿಯಿದೆ, ಲಿಪಿ ಬೇರೆಯಾದರೂ ಆ ಅಕ್ಷರ ಎಲ್ಲರೂ ಓದುತ್ತಾರೆ ಎಂದು. ಯೋಚನೆ ಸರಿ. ಆದರೆ `KB` ಎಂದರೆ ಖಾರಾಬಾತೋ, ಕೇಸರಿಬಾತೋ? ಎರಡನ್ನೂ ಸೇರಿಸಿ ಚೌಚೌಬಾತ್ ಮಾಡಿ ಕೊಟ್ಟು ಪಾರಾಗಬಹುದು ಎಂದು ನಮ್ಮಲ್ಲೊಬ್ಬರು ತಮಾಷೆ ಮಾಡಿದರು. `PD` ಪ್ಲೇನ್ ದೋಸೆಯೂ ಹೌದು, ಪೇಪರ್ ದೋಸೆಯೂ ಹೌದು, ಪನೀರ್ ದೋಸೆಯೂ ಹೌದು. `SD` ಸೆಟ್ ದೋಸೆಗೂ ಸಾದಾ ದೋಸೆಗೂ ಸಲ್ಲುತ್ತದೆ. ಹಾಗಾಗಿ ಒಂದು ಗುರುತನ್ನು ಗೊತ್ತುಮಾಡುವ ಮೊದಲು ಅದನ್ನು ಇಡೀ ಮೆನುವಿನ ಪಕ್ಕ ಇಟ್ಟು ನೋಡಬೇಕು, ಆ ಒಂದು ತಿಂಡಿಯ ಪಕ್ಕ ಮಾತ್ರ ಅಲ್ಲ. `KHARA`, `KESRI` ಎಂದು ಐದಕ್ಷರ ಬರೆದರೆ ಕಾಗದವೇನೂ ಮುಗಿದುಹೋಗುವುದಿಲ್ಲ.

ಗುರುತುಗಳ ಪಟ್ಟಿ ತಯಾರಾದ ಮೇಲೆ ಸರಿಯಿದೆಯೇ ಎಂದು ತಿಳಿಯಲು ಒಂದು ಸುಲಭ ಪರೀಕ್ಷೆ ಮಾಡಬಹುದು. ಫ್ಯಾನ್ ಮತ್ತು ಗ್ರೈಂಡರ್ ಹಾಕಿ, ತಂಡಕ್ಕೆ ಹೊಸದಾಗಿ ಸೇರಿದವರನ್ನು ಕಲ್ಲಿನ ಮುಂದೆ ಬೆನ್ನು ತಿರುಗಿಸಿ ನಿಲ್ಲಿಸಿ, ಬಾಗಿಲಿನಿಂದ ಒಂದೊಂದೇ ಪದ ಕೂಗಬೇಕು. ಅವರು ಆ ಹಿಟ್ಟು, ಆ ಪದಾರ್ಥ ಕೈಯಿಂದ ತೋರಿಸಬೇಕು. ಒಂದು ಪದಕ್ಕೆ ಎರಡು ಸಲ ಬೇರೆಯದನ್ನು ತೋರಿಸಿದರೆ ಆ ಪದ ಬದಲಿಸಬೇಕು. ಅವರನ್ನು ಬದಲಿಸುವುದು ಉತ್ತರವಲ್ಲ.

ಕೂಗಿದರೂ ಬದಲಾಗದ ಸಂಗತಿಗಳು

ಇಲ್ಲಿ ಗಿರಾಕಿಗಳಾದ ನಾವು ತಿಳಿಯಬೇಕಾದ ಮಾತೊಂದಿದೆ. ಎಣ್ಣೆ, ತುಪ್ಪ, ಗರಿಗರಿ, ಕೆಂಪು ಚಟ್ನಿ ಬಳಿಯುವುದು, ಪಲ್ಯ ಇಡುವುದು ಇವೆಲ್ಲ ಕಲ್ಲಿನ ಮುಂದೆ ತೀರ್ಮಾನವಾಗುತ್ತವೆ. ಕೂಗಿದರೆ ಬದಲಾಗುತ್ತವೆ. ರವೆ ದೋಸೆಯ ಈರುಳ್ಳಿಯನ್ನು ಹಿಟ್ಟಿನಲ್ಲೇ ಕಲೆಸದೆ ಮೇಲೆ ಉದುರಿಸುವ ಕಡೆ ಅದೂ ಬದಲಾಗುತ್ತದೆ. ಆದರೆ ಮಸಾಲೆ ದೋಸೆಯ ಪಲ್ಯದೊಳಗಿನ ಈರುಳ್ಳಿ, ಸಾಂಬಾರಿನ ಉಪ್ಪು, ಚಟ್ನಿಯಲ್ಲಿ ಏನು ರುಬ್ಬಿದ್ದಾರೆ ಎಂಬುದು ಬೆಳಗಿನ ಜಾವವೇ ತೀರ್ಮಾನವಾಗಿ ದೊಡ್ಡ ಪಾತ್ರೆಯಲ್ಲಿ ಕೂತಿರುತ್ತದೆ. ‘ಮಸಾಲೆ ದೋಸೆ, ಈರುಳ್ಳಿ ಬೇಡ’ ಎಂದರೆ ಪಲ್ಯದಿಂದ ಈರುಳ್ಳಿ ಹೆಕ್ಕಿ ತೆಗೆಯುವವರು ಯಾರೂ ಇಲ್ಲ. ‘ಆಗಲ್ಲ ಸಾರ್, ಖಾಲಿ ದೋಸೆ ತಗೊಳ್ಳಿ’ ಎನ್ನುವ ಸಪ್ಲೈಯರ್ ನಿಮಗೆ ಸರಿಯಾದ್ದನ್ನೇ ಹೇಳುತ್ತಿದ್ದಾರೆ. ಎಲ್ಲದಕ್ಕೂ ತಲೆಯಾಡಿಸುವವರ ಬಗ್ಗೆ ಸ್ವಲ್ಪ ಸಂಶಯ ಇರಲಿ.

ರುಚಿಯ ವಿಷಯದಲ್ಲಿ ಇದು ಬೇಸರಕ್ಕೆ ಮುಗಿಯುತ್ತದೆ. ಅಲರ್ಜಿಯ ವಿಷಯದಲ್ಲಿ ಹಾಗಲ್ಲ. ಕಡಲೆಕಾಯಿ ಅಲರ್ಜಿ ತೀವ್ರವಾಗಿರುವವರಿಗೆ ಬಹಳ ಚಿಕ್ಕ ಪ್ರಮಾಣವೂ ಸಾಕಾಗಬಹುದು. ಶೇಂಗಾ ಚಟ್ನಿಯ ಸೌಟನ್ನೇ ಕಾಯಿ ಚಟ್ನಿಗೆ ಅದ್ದಿದರೂ ಅಪಾಯ. ಈ ಒಂದು ಕಾಳಿನ ಹೆಸರು ನಮ್ಮ ಭಾಷೆಗಳಲ್ಲಿ ಎಷ್ಟು ಗೋಜಲಾಗಿದೆ ನೋಡಿ. ಕನ್ನಡದಲ್ಲಿ ಅದು ಕಡಲೆಕಾಯಿ, ಕಡಲೆಬೀಜ, ಶೇಂಗಾ, ನೆಲಗಡಲೆ. ಬರೀ ‘ಕಡಲೆ’ ಎಂದರೆ ಬೇರೆಯೇ ಕಾಳು. ತಮಿಳಿನಲ್ಲಿ ಮಾತಿನ ನಡುವೆ ಬರೀ ‘ಕಡಲೈ’ ಎಂದರೂ ನೆಲಗಡಲೆ ಆಗಬಹುದು. ತೆಲುಗಿನಲ್ಲಿ ‘ಶೆನಗ’ ಕಡಲೆ, ‘ವೇರುಶೆನಗ’ ಕಡಲೆಕಾಯಿ. ಬಂಗಾಳಿ, ಒಡಿಯಾದಲ್ಲಿ ‘ಚೀನಾಬಾದಾಮ್’ ಎನ್ನುತ್ತಾರೆ, ಮಾತಿನಲ್ಲಿ ಅದು ‘ಬಾದಾಮ್’ ಆಗಿಬಿಡುತ್ತದೆ. ನಮಗೆ ಬಾದಾಮಿ ಎಂದರೆ ಬೇರೆ.

ಈಗ ಗಿರಾಕಿ ‘ನನಗೆ ಕಡ್ಲೆ ಆಗಲ್ಲ’ ಎನ್ನುತ್ತಾರೆ. ಸಪ್ಲೈಯರ್ ‘ನೋ ಕಡ್ಲೆ’ ಎಂದು ಕೂಗುತ್ತಾನೆ. ಒಳಗಿನವರು ಹುರಿಗಡಲೆ ಹಾಕಿದ ಕಾಯಿ ಚಟ್ನಿಯನ್ನು ಬಿಟ್ಟು, ಹೆಚ್ಚು ಸುರಕ್ಷಿತವೆಂದು ಶೇಂಗಾ ಚಟ್ನಿ ಬಡಿಸುತ್ತಾರೆ. ಎಲ್ಲರೂ ಕೇಳಿದ್ದಾರೆ, ಎಲ್ಲರೂ ಕಾಳಜಿ ತೋರಿಸಿದ್ದಾರೆ, ಆದರೂ ತಟ್ಟೆಯಲ್ಲಿ ಬಂದದ್ದು ಬರಬಾರದ್ದೇ.

ಹಾಗಾಗಿ ಅಲರ್ಜಿಗೆ ಕೂಗಿನ ಗುರುತು ಇರಲೇಬಾರದು ಎನ್ನುವುದು ನಮ್ಮ ಖಚಿತ ನಿಲುವು. ಅದು ಉಳಿದ ಆರ್ಡರಿನ ಸಾಲಿನಲ್ಲಿ ಬರಬಾರದು. ಸಪ್ಲೈಯರ್ ಒಳಗೆ ಹೋಗಿ, ಕಾಳಿನ ಡಬ್ಬಿಯನ್ನೇ ಮುಟ್ಟಿ ತೋರಿಸಿ, ಬೆಳಿಗ್ಗೆ ಚಟ್ನಿ ರುಬ್ಬಿದವರನ್ನೇ ಕೇಳಿ ಬರಬೇಕು. ಅವರು ಆ ಹೊತ್ತಿಗೆ ಮನೆಗೆ ಹೋಗಿದ್ದರೆ ಉತ್ತರ ‘ಗೊತ್ತಿಲ್ಲ, ತಗೋಬೇಡಿ’ ಎಂದೇ ಆಗಬೇಕು. ಪೊಟ್ಟಣದ ಆಹಾರದ ಮೇಲೆ ಕಡಲೆಕಾಯಿ, ಹಾಲು, ಗೋಧಿಯಂಥ ಅಲರ್ಜಿ ಪದಾರ್ಥಗಳನ್ನು ನಮೂದಿಸಬೇಕು ಎಂದು ಎಫ್ಎಸ್ಎಸ್ಎಐ 2020ರ ಲೇಬಲ್ ನಿಯಮಗಳು ಹೇಳುತ್ತವೆ. ಬಟ್ಟಲಿನ ಚಟ್ನಿಗೆ ಲೇಬಲ್ ಇರುವುದಿಲ್ಲ, ಅಲ್ಲಿ ಮನುಷ್ಯರ ಮಾತೇ ಲೇಬಲ್.

ನಿಮಗೆ ಅಥವಾ ನಿಮ್ಮ ಮಗುವಿಗೆ ಇಂಥ ಅಲರ್ಜಿ ಇದ್ದರೆ ‘ಕಡ್ಲೆ ಬೇಡ’ ಎಂದು ಹೇಳಿ ಸುಮ್ಮನಾಗಬೇಡಿ. ಆ ಕಾಳಿನ ಫೋಟೊ ಮೊಬೈಲಿನಲ್ಲಿ ಇಟ್ಟುಕೊಂಡು ತೋರಿಸಿ. ಕನ್ನಡ ಬರದ ಅಡುಗೆಯವರಿಗೂ ಫೋಟೊ ಅರ್ಥವಾಗುತ್ತದೆ. ‘ಇಷ್ಟ ಇಲ್ಲ’ ಎನ್ನದೆ ‘ತಿಂದರೆ ಉಸಿರು ಕಟ್ಟುತ್ತೆ’ ಎಂದು ಹೇಳಿ, ಆಗ ಅದು ರುಚಿಯ ಮಾತಲ್ಲ ಎಂದು ತಿಳಿಯುತ್ತದೆ. ತಿಂದ ಕೆಲವೇ ನಿಮಿಷಗಳಿಂದ ಎರಡು ಗಂಟೆಯೊಳಗೆ ತುಟಿ ಅಥವಾ ನಾಲಿಗೆ ಊದಿಕೊಳ್ಳುವುದು, ಮೈಮೇಲೆ ದದ್ದು ಏಳುವುದು, ಉಸಿರಾಟ ಕಷ್ಟವಾಗುವುದು, ತಲೆಸುತ್ತು ಬಂದು ಕುಸಿಯುವುದು ಕಂಡರೆ ಮನೆಮದ್ದಿಗೆ ಕಾಯದೆ 108ಕ್ಕೆ ಕರೆಮಾಡಿ ಅಥವಾ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಿರಿ. ವೈದ್ಯರು ಮೊದಲೇ ಅಡ್ರಿನಲಿನ್ ಚುಚ್ಚುಮದ್ದು ಬರೆದುಕೊಟ್ಟಿದ್ದರೆ ಅದನ್ನು ಕೂಡಲೇ ಬಳಸಿ.